ಬೆಳ್ಳಿ ಪದಕ ಬಂದರೂ ಎರಡನೇ ಹಂತ ಯಾಕಿಲ್ಲ?

ಪ್ರಶ್ನೆ: ವಿಜಯಪುರದಲ್ಲಿ 5ನೇ ತರಗತಿ ಓದುವ ನನ್ನ ಮಗಳಿಗೆ ಸೈನ್ಸ್ ಒಲಿಂಪಿಯಾಡ್ ಫೌಂಡೇಶನ್‌ ನಡೆಸುವ ಗಣಿತ ಒಲಿಂಪಿಯಾಡ್‌ನಲ್ಲಿ 60ಕ್ಕೆ 41 ಬಂತು, ಬೆಳ್ಳಿ ಪದಕ ಸಿಕ್ತು. ಅವಳ ತರಗತಿಯಲ್ಲೇ 43 ತಗೊಂಡ ಹುಡುಗ ಮಾತ್ರ ಎರಡನೇ ಹಂತಕ್ಕೆ ಹೋದ. ಯಾಕೆ?

ಉತ್ತರ: ಪದಕಕ್ಕೂ ಎರಡನೇ ಹಂತಕ್ಕೂ ಅಳತೆ ಬೇರೆ ಬೇರೆ. ಮೊದಲ ಹಂತದ ಚಿನ್ನ, ಬೆಳ್ಳಿ, ಕಂಚು ನಿಮ್ಮ ಶಾಲೆಯ ಅದೇ ತರಗತಿಯ ಮಕ್ಕಳೊಳಗಿನ ಸ್ಥಾನಕ್ಕೆ ಸಿಗುತ್ತವೆ. ಎರಡನೇ ಹಂತಕ್ಕೆ ಹೋಗಲು, ಆ ತರಗತಿಯಲ್ಲಿ ಪರೀಕ್ಷೆ ಬರೆದ ಎಲ್ಲ ಶಾಲೆಗಳ ಮಕ್ಕಳಲ್ಲಿ ಮೊದಲ ಶೇ. 5ರೊಳಗೆ ಇರಬೇಕು. ಇಲ್ಲವೇ ತಮ್ಮ ವಲಯದ ಮೊದಲ 25ರಲ್ಲಿ ಬರಬೇಕು.

ಇನ್ನೊಂದು ದಾರಿ ಶಾಲೆಯ ಮೂಲಕ ಇದೆ. ತರಗತಿಯಿಂದ ಕನಿಷ್ಠ 10 ಮಕ್ಕಳು ಪರೀಕ್ಷೆ ಬರೆದಿದ್ದು, ಮೊದಲು ಬಂದವರಿಗೆ ಶೇ. 50 ಅಂಕ, ಅಂದ್ರೆ 30 ಇದ್ದರೆ, ಅವರೂ ಮುಂದೆ ಹೋಗುತ್ತಾರೆ. ಆ ಹುಡುಗ ಹೋಗಿದ್ದು ಬಹುಶಃ ಹೀಗೇ. ಈ ದಾರಿ ಒಬ್ಬರಿಗೆ ಮಾತ್ರ. ನಿಮ್ಮ ಮಗಳ 41 ಬೇರೆ ಶಾಲೆಯಲ್ಲಿ ಮೊದಲ ಸ್ಥಾನ ಆಗಿದ್ದರೆ ಅವಳೂ ಹೋಗ್ತಿದ್ದಳು! ನಿಜಕ್ಕೂ ಬೇಜಾರಾಗುತ್ತೆ, ಅಲ್ವಾ?

ಮುಂದಿನ ವರ್ಷ ಶಾಲೆ ಹೆಸರು ಕಳಿಸುವ ಮೊದಲೇ, ತರಗತಿಯಿಂದ ಎಷ್ಟು ಮಕ್ಕಳು ಅಂತ ಟೀಚರನ್ನು ಕೇಳಿ. ಸರಿಯಾಗಿ ಹತ್ತೇ ಹೆಸರಿದ್ದು, ಪರೀಕ್ಷೆ ದಿನ ಒಂದು ಮಗು ಬರದಿದ್ದರೂ ಈ ದಾರಿ ಮುಚ್ಚುತ್ತೆ.