ಜಾಗ ಬದಲಾದ ಶೋ, ರೀಫಂಡ್ ಕೇಳುವುದು ಹೇಗೆ

"ಅರಮನೆ ಮೈದಾನದ ಶೋ ಈಗ ದೇವನಹಳ್ಳಿ ಕಡೆ ಹಾಕಿದ್ದಾರೆ. ಬುಕಿಂಗ್ ಆಪ್‌ನವರು ಕ್ಯಾನ್ಸಲ್ ಆಗಿಲ್ಲ, ರೀಫಂಡ್ ಇಲ್ಲ ಅಂತಾರೆ. ಏನ್ ಮಾಡ್ಲಿ?"

ಚಾಟ್‌ನಲ್ಲಿ ಸುಮ್ನೆ ವಾದ ಮಾಡಬೇಡಿ. ಆಪ್‌ನಲ್ಲಿ ಗ್ರೀವೆನ್ಸ್ ಆಫೀಸರ್ ಇಮೇಲ್ ಹುಡುಕಿ, ಅದಕ್ಕೇ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ‘ಬರೋಕಾಗಲ್ಲ’ ಅಂತ ಮಾತ್ರ ಬರೆಯಬೇಡಿ, ಅದನ್ನು ನೀವೇ ಕ್ಯಾನ್ಸಲ್ ಮಾಡಿದಂತೆ ತೋರಿಸಿಬಿಡುತ್ತಾರೆ. ‘ನಾನು ದುಡ್ಡು ಕೊಟ್ಟಿದ್ದು ಆ ಜಾಗದ ಶೋಗೆ, ಬದಲಿಸಿದ್ದು ಆಯೋಜಕರು, ಕನ್ವೀನಿಯನ್ಸ್ ಫೀ ಸೇರಿಸಿ ಪೂರ್ತಿ ವಾಪಸ್ ಕೊಡಿ’ ಅನ್ನಿ. ಹಳೇ ಜಾಗ ಇರುವ ಕನ್ಫರ್ಮೇಷನ್ ಮೇಲ್ ಜೊತೆಗಿರಲಿ. ನನಗೊಮ್ಮೆ ಆಪ್‌ನಲ್ಲಿದ್ದ ಟಿಕೆಟ್ ರಾತ್ರೋರಾತ್ರಿ ಹೊಸ ವಿಳಾಸಕ್ಕೆ ಬದಲಾಗಿತ್ತು, ಆ ಮೇಲ್ ಇದ್ದಿದ್ದಕ್ಕೆ ಬಚಾವಾದೆ. ಶೋಗೆ ಮುಂಚೆಯೇ ಕಳಿಸಿ. ಒಪ್ಪದಿದ್ದರೆ ಅದೇ ಮೇಲ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.