ಸಕ್ಕರೆ ಕಾಯಿಲೆ ಬಂದ ನಾಯಿಗೆ ದಿಢೀರ್ ಪೊರೆ

"ನಾಯಿಗೆ ಸಕ್ಕರೆ ಕಾಯಿಲೆ ಅಂತ ಹೋದ ತಿಂಗಳು ಗೊತ್ತಾಯಿತು. ಈಗ ಎರಡೂ ಕಣ್ಣು ಬೆಳ್ಳಗಾಗಿದೆ. ಆಪರೇಷನ್ ಬೇಕಾ?"

ಇದು ಹೆಚ್ಚಾಗಿ ಸಕ್ಕರೆಯಿಂದಲೇ ಬಂದ ಪೊರೆ, ಆದರೆ ಕಣ್ಣು ನೋಡದೆ ಖಚಿತವಾಗಿ ಹೇಳಲಾಗದು. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದಾಗ ಕಣ್ಣಿನ ಮಸೂರದೊಳಗೆ ಅದು ಸಾರ್ಬಿಟಾಲ್ ಆಗುತ್ತದೆ. ಅದು ಸುಲಭವಾಗಿ ಹೊರಗೆ ಹೋಗದೆ ನೀರನ್ನು ಎಳೆದುಕೊಳ್ಳುವುದರಿಂದ ಮಸೂರ ಊದಿ, ಕೆಲವೇ ದಿನಗಳಲ್ಲೂ ಬೆಳ್ಳಗಾಗಬಹುದು. ಇನ್ಸುಲಿನ್ ನಿಲ್ಲಿಸಬೇಡಿ, ಆದರೆ ಈಗಾಗಲೇ ಬಂದ ಪೊರೆ ಇನ್ಸುಲಿನ್‌ನಿಂದ ಹೋಗುವುದಿಲ್ಲ.

ಮೊದಲು ಈ ವಾರವೇ ಪ್ರಾಣಿಗಳ ಕಣ್ಣಿನ ತಜ್ಞರಿಗೆ ತೋರಿಸಿ. ಊದಿದ ಮಸೂರ ಸೋರಿದರೆ ಒಳಗೆ ಉರಿಯೂತ ಬರುತ್ತದೆ, ಅದಕ್ಕೆ ಡ್ರಾಪ್ಸ್ ಬೇಕು. ಮನೆಯಲ್ಲಿರುವ ಸ್ಟೀರಾಯ್ಡ್ ಡ್ರಾಪ್ಸ್ ಸುಮ್ನೆ ಹಾಕಬೇಡಿ, ಸಕ್ಕರೆ ಏರಬಹುದು. ಆಮೇಲೆ ಕಣ್ಣಿನ ಅಲ್ಟ್ರಾಸೌಂಡ್, ಕಣ್ಣಿನ ಹಿಂಭಾಗದ ರೆಟಿನಾ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಇಆರ್‌ಜಿ ಮಾಡಿಸಿ. ರೆಟಿನಾ ಚೆನ್ನಾಗಿದ್ದು, ಸಕ್ಕರೆ ಅರಿವಳಿಕೆ ಕೊಡುವಷ್ಟು ಹತೋಟಿಯಲ್ಲಿದ್ದರೆ ಆಪರೇಷನ್ ಮಾಡಬಹುದು. ಸಕ್ಕರೆ ಪೂರ್ತಿ ಸರಿಹೋಗಲಿ ಅಂತ ತಿಂಗಳುಗಟ್ಟಲೆ ಕಾಯುವುದು ಒಳ್ಳೆಯದಲ್ಲ. ಕಣ್ಣು ಕೆಂಪಾಗಿ ನಾಯಿ ಅದನ್ನು ಮುಚ್ಚಿಕೊಳ್ಳುತ್ತಿದ್ದರೆ ಇವತ್ತೇ ಹೋಗಿ.