ಎಂಜಿನ್‌ನಲ್ಲಿ ಸದ್ದು ಮಾಡುವ ಬೇರಿಂಗ್ ಪತ್ತೆ ಮಾಡುವುದು

ಪ್ರಶ್ನೆ: ಮಂಡ್ಯದಲ್ಲಿದ್ದೇನೆ. ಹಳೆಯ ಪೆಟ್ರೋಲ್ ಕಾರಿನ ಬೆಲ್ಟ್ ಕಡೆಯಿಂದ ಗರಗರ ಸದ್ದು ಬರುತ್ತಿದೆ. ಸ್ಕ್ರೂಡ್ರೈವರ್ ಅಥವಾ ಪೈಪ್ ಇಟ್ಟು ಕೇಳುವುದು ಹೇಗೆ? ಅಪಾಯವಿಲ್ಲವೇ?

ಉತ್ತರ: ಗರಗರ ಸದ್ದು ಸಾಮಾನ್ಯವಾಗಿ ಬೇರಿಂಗಿನದು, ಅದಕ್ಕೆ ಸ್ಕ್ರೂಡ್ರೈವರ್ ಸೂಕ್ತ. ಗಾಳಿ ಸೋರುವ ಬುಸ್ಸೆಂಬ ಸದ್ದಿಗೆ ಮಾತ್ರ ರಬ್ಬರ್ ಪೈಪ್ ಬಳಸಿ, ಅದರ ತುದಿಯನ್ನು ಏನಕ್ಕೂ ತಾಗಿಸದೆ ಜಾಯಿಂಟುಗಳ ಬಳಿ ಆಡಿಸಿ.

ಗಾಡಿಯನ್ನು ಬಯಲಿನಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಟವೆಲ್, ಸರ, ತುಂಬುತೋಳನ್ನು ದೂರವಿಡಿ. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಾನಾಗಿ ತಿರುಗಬಹುದು. ಎಂಜಿನ್ ಐಡಲ್‌ನಲ್ಲಿರುವಾಗ, ಒಂದೂವರೆ ಅಡಿಯಷ್ಟು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿನ ತಿರುಗದ ಹೊರಕವಚಕ್ಕೆ, ಬೇರಿಂಗ್ ಇರುವ ಕಡೆ, ಗಟ್ಟಿಯಾಗಿ ಒತ್ತಿ. ಹಿಡಿಯನ್ನು ಕಿವಿಯೊಳಗೆ ಇಡಲೇಬೇಡಿ, ಕಿವಿಯ ಹಿಂದಿನ ಮೂಳೆಗೆ ಆನಿಸಿ. ತುದಿ ಜಾರಿ ಬೆಲ್ಟಿಗೆ ಸಿಕ್ಕಿದರೆ ಹಿಡಿ ತಲೆಗೇ ಬಡಿಯುತ್ತದೆ. ಬ್ಯಾಟರಿ ಟರ್ಮಿನಲ್, ಇಗ್ನಿಷನ್ ಕಾಯಿಲ್, ಆಲ್ಟರ್ನೇಟರಿನ ಹಿಂಬದಿಯ ದಪ್ಪ ತಂತಿಗಳಿಗೆ ಲೋಹ ತಾಗಬಾರದು.

ಬಳಿಕ ವಾಟರ್ ಪಂಪಿನ ಕವಚಕ್ಕೆ ಅಷ್ಟೇ ಒತ್ತಡದಿಂದ ಇಟ್ಟು ಹೋಲಿಸಿ. ಲೋಹದಲ್ಲಿ ಸದ್ದು ಹರಡುವುದರಿಂದ ಎರಡೂ ಕಡೆ ಕೇಳಿಸಬಹುದು. ಆದರೆ ಒಂದು ಕಡೆ ಮರಳು ಅರೆದಂತೆ ಒರಟಾಗಿ, ಹತ್ತಿರದಲ್ಲೇ ಇದ್ದಂತೆ ಕೇಳಿದರೆ ಅನುಮಾನ ಅದರ ಮೇಲೆ. ಖಚಿತಪಡಿಸಿಕೊಳ್ಳಲು, ಎಂಜಿನ್ ಆರಿಸಿ ತಣ್ಣಗಾದ ಮೇಲೆ ಕೀ ತೆಗೆದು, ಬೆಲ್ಟ್ ಬಿಚ್ಚಿ, ಆ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಬೇರಿಂಗ್ ಸವೆದಿದ್ದರೆ ಕೈಗೆ ಒರಟು ತಿಳಿಯುತ್ತದೆ, ಇಲ್ಲವೇ ಪುಲ್ಲಿ ಅಲುಗಾಡುತ್ತದೆ.